ಡಾಂಬರು ಮೇಲ್ಪದರದ ಟ್ರಯಲ್: ಉಷ್ಣಾಂಶ, ಬೈಂಡರ್, ಸಾಂದ್ರತೆ ಮೂರನ್ನೂ ಲೋಡ್‌ವಾರು ಜೋಡಿಸಿ ವರದಿ ಬರೆಯುವ ಬಗೆ

ಪೂರ್ತಿ ಕೆಲಸಕ್ಕೆ ಮೊದಲು ರಸ್ತೆಯ ಒಂದು ತುಂಡಿನ ಮೇಲೆ ಹಾಸಿ ನೋಡುವ ಟ್ರಯಲ್ ಪಟ್ಟಿಯ ವರದಿ ಹೆಚ್ಚಾಗಿ ಮೂರು ಬಿಡಿ ಹಾಳೆಗಳಾಗಿ ಬರುತ್ತದೆ. ಉಷ್ಣಾಂಶದ ರಿಜಿಸ್ಟರ್ ಪ್ಲಾಂಟಿನಿಂದ, ಖಡಿಯನ್ನು ಅಂಟಿಸುವ ಡಾಂಬರು, ಅಂದರೆ ಬೈಂಡರ್, ಎಷ್ಟು ಎಂಬುದು ಲ್ಯಾಬಿನಿಂದ, ಪದರದಿಂದ ಕೊರೆದು ತೆಗೆದ ಕೋರ್‌ಗಳ ಸಾಂದ್ರತೆ ಒಂದೆರಡು ದಿನ ಕಳೆದ ಮೇಲೆ. ಮೂರೂ ಮಿತಿಯೊಳಗಿದ್ದರೆ ಸಹಿ ಬೀಳುತ್ತದೆ. ಒಂದು ಕೋರ್ ಫೇಲಾದರೆ ಮಾತ್ರ ತೊಡಕು ಶುರುವಾಗುತ್ತದೆ. ಆ ಜಾಗಕ್ಕೆ ಬಿದ್ದದ್ದು ಯಾವ ಟಿಪ್ಪರಿನ ಮಾಲು, ಅದರಲ್ಲಿ ಬೈಂಡರ್ ಎಷ್ಟಿತ್ತು, ರೋಲರ್ ಹತ್ತುವಾಗ ಎಷ್ಟು ಬಿಸಿಯಿತ್ತು ಎಂದು ಯಾವ ಹಾಳೆಯೂ ಹೇಳುವುದಿಲ್ಲ. ಕೊನೆಗೆ ‘ಇನ್ನೂ ಎರಡು ಪಾಸ್ ಹೆಚ್ಚು ರೋಲ್ ಮಾಡಿ’ ಎಂಬ ಸಲಹೆ ಹೊರಬೀಳುತ್ತದೆ. ತಪ್ಪು ಪ್ಲಾಂಟಿನಲ್ಲಿದ್ದರೆ ರೋಲರ್ ಎಷ್ಟು ಓಡಾಡಿದರೂ ಅದು ಸರಿಹೋಗುವುದಿಲ್ಲ.

ಇಲ್ಲಿ ವಿವರಿಸುವ ಕ್ರಮದಲ್ಲಿ ಮೂರೂ ಅಳತೆಗಳನ್ನು ಟಿಪ್ಪರ್ ಲೋಡ್ ಒಂದಕ್ಕೆ ಕಟ್ಟುತ್ತೇವೆ. ಉದಾಹರಣೆಗೆ ಗದಗ ಸಮೀಪದ ಒಂದು ರಸ್ತೆ ಎಂದುಕೊಳ್ಳಿ. ಹಾಟ್ ಮಿಕ್ಸ್ ಪ್ಲಾಂಟ್ ಅಣ್ಣಿಗೇರಿ ಕಡೆ, ಸುಮಾರು 25 ಕಿ.ಮೀ. ದೂರದಲ್ಲಿದೆ. ಪದರ 40 ಮಿ.ಮೀ. ದಪ್ಪದ ಬಿಟುಮಿನಸ್ ಕಾಂಕ್ರೀಟ್ ಗ್ರೇಡಿಂಗ್-2, ಡಾಂಬರು ವಿಜಿ-30. ಈ ಕೆಲಸಕ್ಕೆ ನಿಗದಿ ಮಾಡಿದ ಮಿಶ್ರಣದ ಪ್ರಮಾಣ, ಅಂದರೆ ಜಾಬ್ ಮಿಕ್ಸ್ ಫಾರ್ಮುಲಾದ ಬೈಂಡರ್ ಒಟ್ಟು ಮಿಶ್ರಣದ ತೂಕದ ಶೇ. 5.6. ಇಲ್ಲಿನ ತೂಕ, ಸಮಯಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ಮಿತಿಗಳು ಮಾತ್ರ ಕೇಂದ್ರ ಹೆದ್ದಾರಿ ಸಚಿವಾಲಯದ ಸ್ಪೆಸಿಫಿಕೇಶನ್‌ನ 2013ರ ಐದನೇ ಪರಿಷ್ಕರಣೆಯವು. ನಿಮ್ಮ ಗುತ್ತಿಗೆಯಲ್ಲಿ ಬೇರೆ ಮಿತಿ ಬರೆದಿದ್ದರೆ ಅದನ್ನೇ ಪಾಲಿಸಬೇಕು.

ಪಟ್ಟಿಯನ್ನು ಟಿಪ್ಪರ್ ಲೆಕ್ಕದಲ್ಲಿ ಗುರುತಿಸಿ

ಟ್ರಯಲ್‌ಗೆ ಕನಿಷ್ಠ 100 ಚದರ ಮೀಟರ್ ಬೇಕು. ಅಷ್ಟಕ್ಕೇ ನಿಲ್ಲಿಸಿದರೆ ಒಂದೇ ಟಿಪ್ಪರಿನಲ್ಲಿ ಕೆಲಸ ಮುಗಿದು, ಲೋಡ್‌ನಿಂದ ಲೋಡ್‌ಗೆ ಏನು ವ್ಯತ್ಯಾಸ ಬರುತ್ತದೆ ಎಂಬುದು ಕಾಣುವುದೇ ಇಲ್ಲ. 3.5 ಮೀಟರ್ ಅಗಲ, 90 ಮೀಟರ್ ಉದ್ದ ತೆಗೆದುಕೊಳ್ಳಿ. 315 ಚ.ಮೀ.ಗೆ 0.04 ಮೀ. ದಪ್ಪ ಎಂದರೆ 12.6 ಘನ ಮೀಟರ್. ರೋಲ್ ಆದ ಪದರದ ಸಾಂದ್ರತೆ ಘನ ಮೀಟರಿಗೆ 2.34 ಟನ್ ಹಿಡಿದರೆ 29.5 ಟನ್ ಮಾಲು ಬೇಕಾಗುತ್ತದೆ. ಹತ್ತು ಹತ್ತು ಟನ್ನಿನ ಮೂರು ಟಿಪ್ಪರ್ ಸಾಕು, ಒಂದೊಂದರ ಮಾಲೂ ಸುಮಾರು 30 ಮೀಟರ್ ದೂರ ಹೋಗುತ್ತದೆ.

ಪೇವರ್ ಹಾಪರಿಗೆ ಹೊಸ ಟಿಪ್ಪರ್ ಮಾಲು ಸುರಿಯಲು ಶುರು ಮಾಡಿದ ಕ್ಷಣದಲ್ಲಿ ಹಿಂಬದಿಯಲ್ಲಿ ಮಾಲನ್ನು ಮಟ್ಟ ಮಾಡುವ ಸ್ಕ್ರೀಡ್ ಎಲ್ಲಿದೆಯೋ ಆ ಚೈನೇಜ್, ಅಂದರೆ ಆರಂಭದಿಂದ ಆ ಜಾಗಕ್ಕಿರುವ ದೂರ, ಬರೆದುಕೊಳ್ಳಿ, ರಸ್ತೆ ಬದಿಯಲ್ಲಿ ಬಣ್ಣದಿಂದ ಗುರುತು ಹಾಕಿ. ಹಾಪರಿನಲ್ಲಿ ಹಳೆಯ ಮಾಲು ಸ್ವಲ್ಪ ಉಳಿದಿರುವುದರಿಂದ ಗುರುತಿನ ಮುಂದಿನ ಮೂರ್ನಾಲ್ಕು ಮೀಟರ್ ಎರಡೂ ಲೋಡ್ ಬೆರೆತ ಜಾಗ, ಅಲ್ಲಿಂದ ಸ್ಯಾಂಪಲ್ ಆಗಲಿ ಕೋರ್ ಆಗಲಿ ತೆಗೆಯಬೇಡಿ. ವರದಿಯ ಮುಖ್ಯ ಕೋಷ್ಟಕದಲ್ಲಿ ಒಂದು ಲೋಡ್‌ಗೆ ಒಂದು ಸಾಲು. ಟಿಪ್ಪರ್ ಸಂಖ್ಯೆ, ಪ್ಲಾಂಟ್ ಬಿಟ್ಟ ವೇಳೆ, ಎಲ್ಲಿಂದ ಎಲ್ಲಿಯವರೆಗೆ ಬಿತ್ತು, ಉಷ್ಣಾಂಶಗಳು, ಬೈಂಡರ್, ಕೋರ್ ಸಾಂದ್ರತೆ ಎಲ್ಲವೂ ಆ ಸಾಲಿನಲ್ಲೇ ಬರಬೇಕು.

ಹೊಸ ಪದರ ಹಳೆಯದಕ್ಕೆ ಅಂಟಲು ಸಿಂಪಡಿಸುವ ಟ್ಯಾಕ್ ಕೋಟ್ ಬಗ್ಗೆ ಒಂದು ಮಾತು. ಈ ಭಾಗದ ಎರೆಮಣ್ಣಿನ ಧೂಳು ಗಾಳಿಗೆ ಎದ್ದು, ಗುಡಿಸಿದ ಅರ್ಧ ಗಂಟೆಯಲ್ಲೇ ಮತ್ತೆ ಬಂದು ಕೂರುತ್ತದೆ. ಕಂಪ್ರೆಸರ್ ಗಾಳಿಯಿಂದ ಊದುವುದು, ಎಮಲ್ಷನ್ ಸಿಂಪಡಿಸುವುದು ಒಂದರ ಹಿಂದೆ ಒಂದು ನಡೆಯಲಿ. ಡಾಂಬರು ಮೇಲ್ಮೈಗೆ ಚ.ಮೀ.ಗೆ 0.20ರಿಂದ 0.30 ಕೆ.ಜಿ. ಸಾಕು. ಕಂದು ಬಣ್ಣ ಪೂರ್ತಿ ಕಪ್ಪಾಗುವವರೆಗೆ ಪೇವರ್ ಹತ್ತಿಸಬೇಡಿ.

ಉಷ್ಣಾಂಶ: ಎಲ್ಲಿ ಅಳೆದಿರಿ ಎಂಬುದನ್ನೂ ಬರೆಯಿರಿ

ವಿಜಿ-30 ಬಳಸಿದಾಗ ಪ್ಲಾಂಟಿನಿಂದ ಹೊರಬೀಳುವ ಮಿಶ್ರಣ 150ರಿಂದ 165 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾಸುವಾಗ 140ಕ್ಕಿಂತ ಕಡಿಮೆಯಾಗಬಾರದು, ರೋಲಿಂಗ್ 90ಕ್ಕೆ ಇಳಿಯುವ ಮೊದಲು ಮುಗಿಯಬೇಕು. ವಿಜಿ-40 ಆದರೆ ಹಾಸುವ ಮಿತಿ 150, ರೋಲಿಂಗ್ ಮಿತಿ 100.

ಅಳೆಯಲು ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಬಳಸಿ. ಬಂದೂಕಿನಂತೆ ಗುರಿಯಿಟ್ಟು ಓದುವ ಇನ್‌ಫ್ರಾರೆಡ್ ಮೀಟರ್ ಮೇಲ್ಮೈಯನ್ನಷ್ಟೇ ಓದುತ್ತದೆ. 25 ಕಿ.ಮೀ. ಬಂದ ಟಿಪ್ಪರಿನಲ್ಲಿ ಮೇಲಿನ ಪದರ ಗಟ್ಟಿಯಾಗಿ, ಒಳಗಿನ ಮಾಲಿಗಿಂತ ಬಹಳ ತಣ್ಣಗಿರುತ್ತದೆ. ಆ ಓದಿಕೆ ನಂಬಿದರೆ ಒಳ್ಳೆಯ ಲೋಡ್ ವಾಪಸ್ ಹೋಗುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಮಧ್ಯದ ಬಿಸಿ ಮಾಲಿಗೆ ಕಡ್ಡಿ ಚುಚ್ಚಿ 152 ಎಂದು ಬರೆದುಕೊಂಡು, ಮೂಲೆಯಲ್ಲಿ ಹೆಪ್ಪುಗಟ್ಟಿದ ಉಂಡೆಗಳನ್ನು ಮರೆತುಬಿಡುತ್ತಾರೆ. ಅವೇ ಪೇವರಿನಿಂದ ಹೊರಬಂದು ಪದರದಲ್ಲಿ ತಣ್ಣನೆಯ ತೇಪೆಗಳಾಗುತ್ತವೆ. ಟಿಪ್ಪರಿನ ಪಕ್ಕದ ತಗಡಿಗೆ ಸಣ್ಣ ತೂತು ಕೊರೆಸಿ, ಅಲ್ಲಿಂದ ಕಡ್ಡಿಯನ್ನು ಆಳಕ್ಕೆ ತೂರಿಸಿ ಒಂದು ಓದಿಕೆ ಪಡೆಯಿರಿ, ಹಿಂಬಾಗಿಲ ಮೂಲೆಯಲ್ಲಿ ಇನ್ನೊಂದು. ತಾಡಪತ್ರಿ ಟಿಪ್ಪರಿನ ಎರಡೂ ಬದಿಗೆ ಇಳಿಬಿದ್ದು ಬಿಗಿಯಾಗಿ ಕಟ್ಟಿರಬೇಕು. ಮೇಲೆ ಹಾರಾಡುವ ತಾಡಪತ್ರಿಯ ಅಡಿಯಲ್ಲಿ ಗಾಳಿ ನುಗ್ಗುತ್ತದೆ, ಅದರಿಂದ ಉಪಯೋಗ ಕಡಿಮೆ.

ಪ್ರತಿ ಲೋಡ್‌ಗೆ ಐದು ಓದಿಕೆ ಬೇಕು: ಪ್ಲಾಂಟ್ ಬಿಡುವಾಗ, ಸ್ಥಳಕ್ಕೆ ಬಂದಾಗ, ಸ್ಕ್ರೀಡ್ ಹಿಂದೆ ಹಾಸಿದ ಕೂಡಲೇ, ಮೊದಲ ರೋಲರ್ ಹತ್ತುವಾಗ, ಟೈರ್ ರೋಲರ್ ಇಳಿಯುವಾಗ. ಕೊನೆಯ ಮೂರರ ಪಕ್ಕದಲ್ಲಿ ಗಡಿಯಾರದ ವೇಳೆಯನ್ನೂ ಬರೆಯಿರಿ. ಪದರ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದು ಆ ವೇಳೆಯಿಂದಲೇ ಗೊತ್ತಾಗುವುದು. ಮೊದಲ ಲೋಡ್‌ನಲ್ಲಿ ಒಂದು ಜಾಗ ಗುರುತಿಸಿ, ಕಡ್ಡಿಯ ತುದಿಯನ್ನು ಪದರದ ನಡು ಆಳಕ್ಕೆ ಅಡ್ಡಲಾಗಿ ತೂರಿಸಿ ಎರಡು ನಿಮಿಷಕ್ಕೊಮ್ಮೆ ಓದಿ. ನಮ್ಮ ಉದಾಹರಣೆಯಲ್ಲಿ 146 ಡಿಗ್ರಿಯಿಂದ 90ಕ್ಕೆ ಇಳಿಯಲು 16 ನಿಮಿಷ ಹಿಡಿಯಿತು. ಆ ದಿನ, ಆ ಗಾಳಿಯಲ್ಲಿ, ಆ ದಪ್ಪಕ್ಕೆ ರೋಲಿಂಗ್ ಮಾಡಲು ಇರುವ ಅವಧಿ ಅಷ್ಟೇ. ಟ್ರಯಲ್‌ನಿಂದ ಸಿಗುವ ಅಂಕಿಗಳಲ್ಲಿ ಮುಂದಿನ ಕೆಲಸಕ್ಕೆ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ, ಆದರೂ ವರದಿಗಳಲ್ಲಿ ಇದು ಕಾಣುವುದು ಅಪರೂಪ.

ಗಾಳಿಯ ವೇಗವನ್ನು ಬರೆಯದಿದ್ದರೆ ಈ ಅಂಕಿಗೆ ಅರ್ಥವಿಲ್ಲ. ಗದಗ ಸೀಮೆಯ ಗಾಳಿ ಎಂಥದು ಎಂಬುದಕ್ಕೆ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳೇ ಸಾಕ್ಷಿ. ಎರಡು ಮೀಟರ್ ಎತ್ತರದಲ್ಲಿ ಗಾಳಿ ಗಂಟೆಗೆ 40 ಕಿ.ಮೀ. ಮೀರಿದರೆ ಹಾಸುವ ಕೆಲಸ ನಿಲ್ಲಿಸಬೇಕೆಂದು ನಿಯಮವೇ ಇದೆ. ಅದಕ್ಕಿಂತ ಕಡಿಮೆ ಗಾಳಿಯಲ್ಲೂ 40 ಮಿ.ಮೀ.ಯ ತೆಳು ಪದರ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಬೆಳಿಗ್ಗೆ ಗಾಳಿ ಇಲ್ಲದಾಗ ಮಾಡಿದ ಟ್ರಯಲ್‌ನ 16 ನಿಮಿಷವನ್ನು ಮಧ್ಯಾಹ್ನದ ಗಾಳಿಗೆ ಹಿಡಿಯಲಾಗದು.

ಬಿಸಿ ಹೆಚ್ಚಾದರೂ ಕೆಡುಕೇ. ದೂರ ಹೋಗಬೇಕಲ್ಲ ಎಂದು ಪ್ಲಾಂಟಿನಲ್ಲಿ 175ಕ್ಕೆ ಏರಿಸಿದರೆ ಡಾಂಬರು ಸುಟ್ಟು ಬಿರುಸಾಗುತ್ತದೆ. ಟಿಪ್ಪರಿನಿಂದ ನೀಲಿ ಹೊಗೆ ಏಳುತ್ತಿದ್ದರೆ ಕಡ್ಡಿ ಚುಚ್ಚಿ ನೋಡಿ, 165 ಮೀರಿದ್ದರೆ ವಾಪಸ್ ಕಳಿಸಿ.

ಬೈಂಡರ್: ತೊಳೆದ ದ್ರವದ ಜೊತೆ ಹೋದ ಪುಡಿಯನ್ನು ಲೆಕ್ಕಕ್ಕೆ ತನ್ನಿ

ಸ್ಯಾಂಪಲ್ ಅನ್ನು ಪ್ರತಿ ಲೋಡ್‌ನಲ್ಲೂ ಪೇವರ್ ಹಿಂದಿನ, ಇನ್ನೂ ರೋಲ್ ಆಗದ ಪದರದ ಮೂರು ಜಾಗಗಳಿಂದ ಪೂರ್ಣ ದಪ್ಪಕ್ಕೆ ಎತ್ತಿ, ಬೆರೆಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಪಾಲುಗಳನ್ನು ಇಟ್ಟುಕೊಳ್ಳಿ. ಬೈಂಡರ್ ಪರೀಕ್ಷೆಗೂ, ಮುಂದೆ ಬರುವ ಗರಿಷ್ಠ ಸಾಂದ್ರತೆಯ ಪರೀಕ್ಷೆಗೂ ಇದೇ ಸ್ಯಾಂಪಲ್ ಆಗಬೇಕು. ಒಂದೊಂದಕ್ಕೆ ಕನಿಷ್ಠ 1500 ಗ್ರಾಂ ಹಿಡಿಯಿರಿ.

ಸೆಂಟ್ರಿಫ್ಯೂಜ್ ಯಂತ್ರದ ಬಟ್ಟಲಿಗೆ ಸ್ಯಾಂಪಲ್ ಹಾಕಿ, ಟ್ರೈಕ್ಲೋರೋಎಥಿಲೀನ್ ಸುರಿದು ನೆನೆಯಲು ಬಿಟ್ಟು, ತೂಕ ಮಾಡಿದ ಫಿಲ್ಟರ್ ಪೇಪರ್ ಮುಚ್ಚಿ ತಿರುಗಿಸುತ್ತಾರೆ. ಹೊರಬರುವ ದ್ರವ ತಿಳಿ ಹುಲ್ಲಿನ ಬಣ್ಣಕ್ಕೆ ಬರುವವರೆಗೆ ತೊಳೆಯಬೇಕು. ಕೆಲವು ಕಡೆ ಅಗ್ಗವೆಂದು ಪೆಟ್ರೋಲ್ ಬಳಸುತ್ತಾರೆ. ತಿರುಗುವ ಮೋಟರಿನ ಪಕ್ಕದಲ್ಲಿ ಪೆಟ್ರೋಲ್ ಆವಿ ಎಂದರೆ ಬೆಂಕಿ ಅಪಾಯ, ಅದನ್ನು ಒಪ್ಪಬೇಡಿ. ಟ್ರೈಕ್ಲೋರೋಎಥಿಲೀನ್ ಆವಿಯೂ ವಿಷವೇ ಆದ್ದರಿಂದ ಗಾಳಿಯಾಡುವ ಜಾಗ, ಕೈಗವಸು ಎರಡೂ ಬೇಕು.

ಲೆಕ್ಕದಲ್ಲಿ ಹೆಚ್ಚು ಜನ ತಪ್ಪುವ ಜಾಗ ಒಂದಿದೆ. ತೊಳೆದ ದ್ರವದ ಜೊತೆ ಡಾಂಬರಷ್ಟೇ ಹೋಗುವುದಿಲ್ಲ, ಫಿಲ್ಟರ್ ದಾಟಿದ ನಯವಾದ ಕಲ್ಲಿನ ಪುಡಿಯೂ ಹೋಗುತ್ತದೆ. ಅದನ್ನು ಬಿಟ್ಟರೆ ಆ ಪುಡಿಯ ತೂಕ ಡಾಂಬರಿನ ಲೆಕ್ಕಕ್ಕೆ ಸೇರಿ ಬೈಂಡರ್ ಹೆಚ್ಚು ಕಾಣುತ್ತದೆ. ಒಂದನೇ ಲೋಡ್ ನೋಡಿ. ಸ್ಯಾಂಪಲ್ 1502.0 ಗ್ರಾಂ. ತೊಳೆದು ಒಣಗಿಸಿದ ಖಡಿ 1411.6 ಗ್ರಾಂ, ಫಿಲ್ಟರ್ ಪೇಪರ್ ಏರಿಸಿಕೊಂಡ ತೂಕ 1.8 ಗ್ರಾಂ. ದ್ರವದ ಒಂದು ಪಾಲನ್ನು ಸುಟ್ಟು ಉಳಿದ ಬೂದಿಯಿಂದ ಲೆಕ್ಕ ಹಾಕಿದ ಪುಡಿ 5.5 ಗ್ರಾಂ. ಮೂರೂ ಸೇರಿ 1418.9, ಉಳಿದ 83.1 ಗ್ರಾಂ ಡಾಂಬರು. ಅಂದರೆ ಶೇ. 5.53, ಫಾರ್ಮುಲಾದ 5.6ಕ್ಕೆ ಹತ್ತಿರ. ಆ 5.5 ಗ್ರಾಂ ಮರೆತಿದ್ದರೆ ಉತ್ತರ ಶೇ. 5.90. ಅನುಮತಿ ಇರುವ ವ್ಯತ್ಯಾಸ 0.3, ಅಂದರೆ 5.3ರಿಂದ 5.9. ಸರಿಯಾದ ಮಿಶ್ರಣ ಮೇಲಿನ ಅಂಚಿಗೆ ಹೋಗಿ ನಿಲ್ಲುತ್ತಿತ್ತು. ಪ್ಲಾಂಟ್ ಆಪರೇಟರ್ ಅದನ್ನು ನಂಬಿ ಡಾಂಬರು ಇಳಿಸಿದರೆ ಮರುದಿನದಿಂದ ರಸ್ತೆಗೆ ಒಣ ಮಾಲು ಬೀಳುತ್ತದೆ. ಸ್ಯಾಂಪಲ್ಲಿನಲ್ಲಿ ತೇವ ಉಳಿದಿದ್ದರೂ ಇದೇ ದಿಕ್ಕಿನ ತಪ್ಪು ಬರುತ್ತದೆ, ಆದ್ದರಿಂದ ಮೊದಲು ಒಣಗಿಸಿ ತೂಗಿ.

ಬೈಂಡರ್ ಅಂಕಿಯನ್ನು ಒಂಟಿಯಾಗಿ ಬರೆಯಬೇಡಿ. ತೊಳೆದ ಖಡಿಯನ್ನು ಜರಡಿ ಹಿಡಿದು 4.75 ಮಿ.ಮೀ. ಜರಡಿಯಿಂದ ಇಳಿದ ಪಾಲನ್ನು ಪಕ್ಕದಲ್ಲೇ ನಮೂದಿಸಿ. ಡಾಂಬರು ಹೆಚ್ಚಾಗಿ ಅಂಟಿರುವುದು ಸಣ್ಣ ಖಡಿಗೆ, ಪುಡಿಗೆ. ಸ್ಯಾಂಪಲ್ಲಿನಲ್ಲಿ ದಪ್ಪ ಖಡಿ ಹೆಚ್ಚು ಬಂದಿದ್ದರೆ ಬೈಂಡರ್ ತಾನಾಗಿಯೇ ಕಡಿಮೆ ಬರುತ್ತದೆ. ಹಾಗಾಗಿ ಬೈಂಡರ್ ಕಡಿಮೆ, 4.75 ದಾಟಿದ್ದೂ ಕಡಿಮೆ ಎಂದಾದರೆ ಮಾಲು ಬೇರ್ಪಟ್ಟಿದೆ ಅಥವಾ ಸ್ಯಾಂಪಲ್ ಸರಿಯಾಗಿ ಎತ್ತಿಲ್ಲ. ಬೈಂಡರ್ ಕಡಿಮೆ, ಜರಡಿ ಲೆಕ್ಕ ಮಾತ್ರ ಸರಿ ಎಂದಾದರೆ ತಪ್ಪು ಪ್ಲಾಂಟಿನ ಡಾಂಬರು ಅಳತೆಯಲ್ಲಿದೆ.

ಸಾಂದ್ರತೆ: ಯಾವುದಕ್ಕೆ ಹೋಲಿಸಿ ಶೇಕಡಾ?

ಕೋರ್ ಕೊರೆಯುವುದು ಹಾಸಿದ 24 ಗಂಟೆ ಕಳೆದ ಮೇಲೆ, 150 ಮಿ.ಮೀ. ವ್ಯಾಸದಲ್ಲಿ. ಏಪ್ರಿಲ್ ಬಿಸಿಲಿನ ಮಧ್ಯಾಹ್ನ ಕೊರೆದರೆ ಪದರ ಮೆತ್ತಗಿದ್ದು ಅಂಚು ಕಿತ್ತುಬರುತ್ತದೆ. ಬೆಳಿಗ್ಗೆ ಬೇಗ ಕೊರೆಯಿರಿ, ನೀರು ಧಾರಾಳವಾಗಿ ಬಿಡಿ. ಪ್ರತಿ ಲೋಡ್‌ಗೆ ಮೂರು ಕೋರ್ ಇರಲಿ. ಕೆಳ ಪದರವನ್ನು ಗರಗಸದಿಂದ ಕತ್ತರಿಸಿ ತೆಗೆದು, ಉಳಿದದ್ದನ್ನು 50 ಡಿಗ್ರಿ ಆಸುಪಾಸಿನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ. ಅವಸರಕ್ಕೆ 100 ಡಿಗ್ರಿ ಓವನ್ನಿನಲ್ಲಿಟ್ಟರೆ ಕೋರ್ ಕುಸಿದು ಆಕಾರ ಕೆಡುತ್ತದೆ. ಒಣಗಿಸದೆ ತೂಗಿದರೆ ಒಳಗಿನ ನೀರೇ ಸಾಂದ್ರತೆಯಾಗಿ ಕಾಣುತ್ತದೆ.

ಒಂದನೇ ಲೋಡ್‌ನ ಒಂದು ಕೋರ್ ತೆಗೆದುಕೊಳ್ಳೋಣ. ಒಣ ತೂಕ 1648.2 ಗ್ರಾಂ, ನೀರಿನಲ್ಲಿ ತೂಕ 950.4, ನೀರಿನಿಂದ ಎತ್ತಿ ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸಿದ ಮೇಲೆ 1653.6. ಕೊನೆಯ ಎರಡರ ವ್ಯತ್ಯಾಸ 703.2. ಒಣ ತೂಕವನ್ನು ಇದರಿಂದ ಭಾಗಿಸಿದರೆ 2.344. ಹೀರಿದ ನೀರು 5.4 ಗ್ರಾಂ, ಗಾತ್ರದ ಶೇ. 0.8 ಮಾತ್ರ. ಇದು ಶೇ. 2 ದಾಟಿದ್ದರೆ ಒರೆಸುವಾಗಲೇ ರಂಧ್ರಗಳ ನೀರು ಹೊರಗೆ ಹೋಗಿ ಸಾಂದ್ರತೆ ಸುಳ್ಳಾಗಿ ಹೆಚ್ಚು ಬರುತ್ತದೆ. ಆಗ ಕೋರ್‌ಗೆ ಮೇಣದ ಲೇಪ ಹಾಕಿ ಮತ್ತೆ ಮಾಡಬೇಕು.

ಈಗ 2.344 ಸಾಕೇ? ಅದು ಹೋಲಿಸುವ ಅಳತೆಗೋಲಿನ ಮೇಲಿದೆ. ಐದನೇ ಪರಿಷ್ಕರಣೆ ಹೇಳುವುದು, ಆ ದಿನದ ಸಡಿಲ ಮಿಶ್ರಣದ ಸರಾಸರಿ ಗರಿಷ್ಠ ಸಾಪೇಕ್ಷ ಸಾಂದ್ರತೆಯ ಕನಿಷ್ಠ ಶೇ. 92, ಅಂದರೆ ಪದರದಲ್ಲಿ ಗಾಳಿ ರಂಧ್ರ ಶೇ. 8 ಮೀರಬಾರದು. ಅದಕ್ಕಿಂತ ಹಿಂದಿನ ಪದ್ಧತಿಯಲ್ಲಿ ಲ್ಯಾಬಿನಲ್ಲಿ ಅದೇ ಮಿಶ್ರಣವನ್ನು ಕುಟ್ಟಿ ಮಾಡಿದ ಮಾರ್ಷಲ್ ಅಚ್ಚಿನ ಸಾಂದ್ರತೆಯ ಶೇ. 98 ಕೇಳುತ್ತಿದ್ದರು. ಎರಡೂ ಒಂದೇ ಅಲ್ಲ. ನಮ್ಮ ಉದಾಹರಣೆಯಲ್ಲಿ ಮಾರ್ಷಲ್ ಸಾಂದ್ರತೆ 2.412, ಅದರ ಶೇ. 98 ಎಂದರೆ 2.364. ಒಂದನೇ ಲೋಡ್‌ನ ಮಾಲಿನ ಗರಿಷ್ಠ ಸಾಂದ್ರತೆ 2.512. ಅದಕ್ಕೆ ಹೋಲಿಸಿದರೆ ನಮ್ಮ ಕೋರ್ ಶೇ. 93.3, ಪಾಸ್. ಮಾರ್ಷಲ್‌ಗೆ ಹೋಲಿಸಿದರೆ ಶೇ. 97.2, ಫೇಲ್. ಒಂದೇ ಕೋರ್, ಎರಡು ತೀರ್ಪು. ಆದ್ದರಿಂದ ‘ಸಾಂದ್ರತೆ ಶೇ. 97’ ಎಂದಷ್ಟೇ ಬರೆದ ವರದಿಯನ್ನು ವಾಪಸ್ ಕಳಿಸಬೇಕು. ಯಾವುದರ ಶೇಕಡಾ, ಭಾಗಿಸಲು ಬಳಸಿದ ಅಂಕಿ ಎಷ್ಟು, ಯಾವ ದಿನದ್ದು ಎಂದು ಕೋಷ್ಟಕದಲ್ಲೇ ಇರಬೇಕು.

ಗರಿಷ್ಠ ಸಾಂದ್ರತೆಯ ಪರೀಕ್ಷೆ ಕಷ್ಟದ್ದಲ್ಲ. ಸಡಿಲ ಮಾಲಿನ ಉಂಡೆಗಳನ್ನು ಕೈಯಿಂದ ಬಿಡಿಸಿ, ತೂಗಿ, ಪಾತ್ರೆಯಲ್ಲಿ ನೀರು ಮುಚ್ಚುವಂತೆ ಹಾಕಿ, ನಿರ್ವಾತ ಪಂಪ್‌ನಿಂದ ಸುಮಾರು 15 ನಿಮಿಷ ಅಲುಗಾಡಿಸುತ್ತ ಒಳಗಿನ ಗಾಳಿ ತೆಗೆಯಬೇಕು. ಗಾಳಿ ಉಳಿದರೆ ಗರಿಷ್ಠ ಸಾಂದ್ರತೆ ಕಡಿಮೆ ಬಂದು, ಕೋರ್‌ಗಳ ಶೇಕಡಾ ಹಿಗ್ಗಿ ಕಾಣುತ್ತದೆ. ಉಂಡೆ ಬಿಡಿಸದೆ ಅವಸರ ಮಾಡುವ ಲ್ಯಾಬಿನಲ್ಲಿ ಎಲ್ಲ ಕೋರ್‌ಗಳೂ ಪಾಸಾಗುವುದು ಇದೇ ಕಾರಣಕ್ಕೆ.

ಮೂರು ಸಾಲುಗಳನ್ನು ಓದುವುದು

ಕೋಷ್ಟಕ ತುಂಬಿದ ಮೇಲೆ ಉದಾಹರಣೆಯ ಟ್ರಯಲ್ ಹೀಗೆ ಕಾಣುತ್ತದೆ. ಮೂರು ಲೋಡ್‌ಗಳ ಗರಿಷ್ಠ ಸಾಂದ್ರತೆ ಕ್ರಮವಾಗಿ 2.512, 2.511, 2.524. ದಿನದ ಸರಾಸರಿ 2.516. ಮೂರಕ್ಕೂ ರೋಲಿಂಗ್ ಕ್ರಮ ಒಂದೇ.

ಒಂದನೇ ಲೋಡ್: ಸ್ಕ್ರೀಡ್ ಹಿಂದೆ 146 ಡಿಗ್ರಿ, ಎರಡು ನಿಮಿಷದಲ್ಲಿ ರೋಲರ್ ಹತ್ತಿದೆ, ಟೈರ್ ರೋಲರ್ 94ಕ್ಕೆ ಇಳಿದಿದೆ. ಬೈಂಡರ್ 5.53. ಕೋರ್ ಸರಾಸರಿ 2.344, ದಿನದ ಸರಾಸರಿಗೆ ಶೇ. 93.2. ಇದರಲ್ಲಿ ತಕರಾರಿಲ್ಲ.

ಎರಡನೇ ಲೋಡ್: ಸ್ಕ್ರೀಡ್ ಹಿಂದೆ 142, ಬೈಂಡರ್ 5.55, ಜರಡಿ ಸರಿ. ಕೋರ್ ಮಾತ್ರ 2.277, ಶೇ. 90.5, ಫೇಲ್. ಕಾರಣ ವೇಳೆಯ ಕಾಲಂನಲ್ಲಿದೆ. ರೋಲರ್ ನೀರು ತುಂಬಿಸಿಕೊಳ್ಳಲು ನಿಂತಿದ್ದರಿಂದ ಮೊದಲ ಪಾಸ್ ಒಂಬತ್ತು ನಿಮಿಷ ತಡ, ಆಗ ಪದರ 118 ಡಿಗ್ರಿ. ಟೈರ್ ರೋಲರ್ ಕೆಲಸ ಮುಗಿಸುವಾಗ 82. ತಣ್ಣಗಾದ ಡಾಂಬರು ಖಡಿಗಳನ್ನು ಜಾರಲು ಬಿಡುವುದಿಲ್ಲ, ಆ ಹೊತ್ತಿನಲ್ಲಿ ಪಾಸ್ ಹೆಚ್ಚಿಸಿದರೆ ಖಡಿ ಒಡೆದು ಮೇಲೆ ಬಿಳಿ ಮುಖ ತೋರಿಸುತ್ತದೆ. ಇಲ್ಲಿ ಪ್ಲಾಂಟ್‌ನಲ್ಲಾಗಲಿ ಮಿಶ್ರಣದಲ್ಲಾಗಲಿ ಏನೂ ಬದಲಿಸಬೇಕಿಲ್ಲ. ಟಿಪ್ಪರ್ ಬರುವ ಮೊದಲೇ ರೋಲರ್ ಟ್ಯಾಂಕ್ ತುಂಬಿರಬೇಕು, ಸ್ಕ್ರೀಡ್‌ಗೂ ಮೊದಲ ರೋಲರ್‌ಗೂ ನಡುವಿನ ಅಂತರ ಎಷ್ಟು ನಿಮಿಷ ಮೀರಬಾರದು ಎಂದು ವರದಿಯಲ್ಲಿ ಬರೆದಿರಬೇಕು.

ಮೂರನೇ ಲೋಡ್ ಮೋಸ ಮಾಡುವಂಥದು. ಉಷ್ಣಾಂಶ 146, ರೋಲಿಂಗ್ ಸಮಯಕ್ಕೆ ಸರಿಯಾಗಿ ಆಗಿದೆ. ಕೋರ್ 2.318, ದಿನದ ಸರಾಸರಿಗೆ ಶೇ. 92.1. ನಿಯಮದ ಪ್ರಕಾರ ಸಾಂದ್ರತೆ ಪಾಸ್. ಬೈಂಡರ್ ಮಾತ್ರ 5.24, ಮಿತಿಗಿಂತ ಕೆಳಗೆ, 4.75 ಜರಡಿ ದಾಟಿದ್ದು ಫಾರ್ಮುಲಾದ 60ರ ಎದುರು 59. ಅಂದರೆ ಮಾಲು ಬೇರ್ಪಟ್ಟಿಲ್ಲ, ಡಾಂಬರೇ ಕಡಿಮೆ ಬಿದ್ದಿದೆ. ಡಾಂಬರು ಕಡಿಮೆಯಾದರೆ ಮಿಶ್ರಣದಲ್ಲಿ ಭಾರದ ಕಲ್ಲಿನ ಪಾಲು ಹೆಚ್ಚುವುದರಿಂದ ಗರಿಷ್ಠ ಸಾಂದ್ರತೆ ಏರುತ್ತದೆ, ಇಲ್ಲಿ 2.524 ಆಗಿದ್ದು ಅದಕ್ಕೇ. ಆ ಲೋಡ್‌ನ ಸ್ವಂತ ಅಂಕಿಗೆ ಹೋಲಿಸಿದರೆ ಕೋರ್ ಶೇ. 91.8 ಮಾತ್ರ, ರಂಧ್ರ ಶೇ. 8.2. ಡಾಂಬರು ತೆಳು, ಮೇಲಿಂದ ನೀರು ಇಳಿಯುವ ರಂಧ್ರವೂ ಹೆಚ್ಚು. ಮಳೆಗಾಲದಲ್ಲಿ ಖಡಿ ಕೀಳುವುದು ಇಂಥ ಜಾಗದಿಂದಲೇ. ಆದ್ದರಿಂದ ವರದಿಯಲ್ಲಿ ಎರಡೂ ಶೇಕಡಾ ಬರೆಯಿರಿ, ದಿನದ ಸರಾಸರಿಗೆ ಒಂದು, ಆಯಾ ಲೋಡ್‌ನ ಅಂಕಿಗೆ ಒಂದು.

ಪ್ಲಾಂಟಿನಲ್ಲಿ ಕಾರಣ ಹುಡುಕುವಾಗ, ಡ್ರಮ್ ಮಿಕ್ಸ್ ಆಗಿದ್ದರೆ ಮೊದಲು ತೇವಾಂಶದ ಸೆಟ್ಟಿಂಗ್ ನೋಡಿ. ಬೆಲ್ಟ್ ಮೇಲೆ ತೂಗುವುದು ಒದ್ದೆ ಖಡಿಯನ್ನು. ಆಪರೇಟರ್ ಕೊಟ್ಟ ತೇವಾಂಶ ಕಳೆದು, ಒಣ ತೂಕಕ್ಕೆ ತಕ್ಕ ಡಾಂಬರನ್ನು ಯಂತ್ರ ಬಿಡುತ್ತದೆ. ಮಳೆ ಬಂದ ವಾರ ಶೇ. 4 ಎಂದು ಇಟ್ಟದ್ದನ್ನು ಖಡಿ ಒಣಗಿ ಶೇ. 1ಕ್ಕೆ ಬಂದ ಮೇಲೂ ಬದಲಿಸದಿದ್ದರೆ, ಯಂತ್ರ ಒಣ ಖಡಿಯನ್ನು ನಿಜಕ್ಕಿಂತ ಕಡಿಮೆ ಎಂದು ತಿಳಿಯುತ್ತದೆ. ಆಗ 5.6 ಇರಬೇಕಾದ ಬೈಂಡರ್ 5.44ಕ್ಕೆ ಇಳಿಯುತ್ತದೆ. ನಮ್ಮ ಕೊರತೆ ಅದಕ್ಕಿಂತ ದೊಡ್ಡದು, ಹಾಗಾಗಿ ಡಾಂಬರು ಪಂಪ್, ಫ್ಲೋ ಮೀಟರ್, ಬೆಲ್ಟ್ ತೂಕದ ಕ್ಯಾಲಿಬ್ರೇಶನ್ ಕೂಡ ನೋಡಲೇಬೇಕು. ಗಮನಿಸಿ, ಒಂದು ಮತ್ತು ಎರಡನೇ ಲೋಡ್ ಸರಿಯಿದ್ದವು. ಪ್ಲಾಂಟ್ ನಿಂತು ಮತ್ತೆ ಶುರುವಾದ ಮೇಲೆ ಬಂದ ಮೊದಲ ಮಾಲೇ ಮೂರನೇ ಲೋಡ್ ಆಗಿದೆಯೇ ಎಂದು ಪ್ಲಾಂಟಿನ ವೇಳೆಯ ಜೊತೆ ತಾಳೆ ನೋಡಿ.

ಗ್ರೇಡಿಂಗ್-2ಕ್ಕೆ ಕನಿಷ್ಠ ಬೈಂಡರ್ ಶೇ. 5.4 ಎಂದಿರುವುದು ಖಡಿಯ ಸಾಪೇಕ್ಷ ಸಾಂದ್ರತೆ 2.7 ಎಂದು ಹಿಡಿದು. ಅದಕ್ಕಿಂತ ಭಾರದ ಕಪ್ಪು ಕಲ್ಲು ಬಳಸಿದ್ದರೆ ಈ ಕನಿಷ್ಠವನ್ನು ಅದೇ ಪ್ರಮಾಣದಲ್ಲಿ ಇಳಿಸಲು ಅವಕಾಶವಿದೆ. ಕ್ವಾರಿ ಬದಲಾದರೆ ಫಾರ್ಮುಲಾವನ್ನೇ ಹೊಸದಾಗಿ ಮಾಡಬೇಕು, ಹಳೆಯ ಟ್ರಯಲ್ ಅದಕ್ಕೆ ಸಲ್ಲದು.

ವರದಿಯ ಕೊನೆಯ ಪುಟ

ತೀರ್ಮಾನದಲ್ಲಿ ‘ತೃಪ್ತಿಕರ’ ಎಂಬ ಪದ ಬೇಡ. ಈ ಟ್ರಯಲ್‌ಗೆ ಬರೆಯಬೇಕಾದದ್ದು ಇಷ್ಟು: ಒಂದನೇ ಲೋಡ್‌ನ 0ರಿಂದ 30 ಮೀ. ಸ್ವೀಕಾರ. 30ರಿಂದ 60 ಮೀ. ಸಾಂದ್ರತೆ ಕಡಿಮೆ, ಕಾರಣ ರೋಲಿಂಗ್ ತಡ, ಕಿತ್ತು ಮತ್ತೆ ಹಾಸಬೇಕು. 60ರಿಂದ 90 ಮೀ. ಬೈಂಡರ್ ಕಡಿಮೆ, ಕಾರಣ ಪ್ಲಾಂಟಿನ ಅಳತೆ, ಇದನ್ನೂ ಕೀಳಬೇಕು. ಕ್ಯಾಲಿಬ್ರೇಶನ್ ದಾಖಲೆ ಕೈಗೆ ಬಂದ ಮೇಲೆ ಆ 60 ಮೀಟರಿನಲ್ಲೇ ಎರಡನೇ ಟ್ರಯಲ್. ಜೊತೆಗೆ ಒಪ್ಪಿದ ರೋಲಿಂಗ್ ಕ್ರಮ, ಹಾಸುವಾಗಿನ ಸಡಿಲ ದಪ್ಪ, 16 ನಿಮಿಷದ ಅವಧಿ, ಆಗಿದ್ದ ಗಾಳಿಯ ವೇಗ, ರಸ್ತೆ ಮೇಲ್ಮೈಯ ಉಷ್ಣಾಂಶ.

ಕೋರ್ ತೆಗೆದ ಗುಂಡಿಗಳನ್ನು ಒಣಗಿಸಿ, ಒಳಗೋಡೆಗೆ ಎಮಲ್ಷನ್ ಹಚ್ಚಿ, ಬಿಸಿ ಮಾಲಿನಿಂದ ಎರಡು ಪದರದಲ್ಲಿ ಕುಟ್ಟಿ ತುಂಬಿಸಿ. ತುಂಬಿಸಿದ್ದನ್ನೂ ಚೈನೇಜ್ ಸಮೇತ ವರದಿಯಲ್ಲಿ ನಮೂದಿಸಿ.